ಶೇಕಡಾ ನಿಮ್ಮದೇ ಸ್ವಾಮಿ, ಒಪ್ಪಿಕೊಳ್ಳಿ
‘ಜನಗಣತಿಯ ಪ್ರಕಾರ’ ಎಂದು ಮಾತು ಶುರು ಮಾಡುವ ಭಾಷಣಕಾರರಿಗೊಂದು ಬಹಿರಂಗ ಪತ್ರ

ಮಾನ್ಯ ಭಾಷಣಕಾರರೇ,

ಪತ್ರದ ತಲೆಯ ಮೇಲೆ ತಮ್ಮ ಹೆಸರು ಬರೆದಿಲ್ಲ. ಸಿಟ್ಟಿನಿಂದಲ್ಲ. ಹೆಸರು ಹಾಕಿದರೆ ನಿಮ್ಮಂಥ ಉಳಿದವರೆಲ್ಲ ‘ಇದು ನಮಗಲ್ಲ ಬಿಡಿ’ ಎಂದು ಪುಟ ಮಗುಚಿಬಿಡುತ್ತಾರೆ ಎಂಬ ಭಯ, ಅಷ್ಟೆ. ಮಾರ್ಚ್‌ನಲ್ಲಿ ಮಹಿಳಾ ದಿನ, ಸೆಪ್ಟೆಂಬರ್‌ನಲ್ಲಿ ಸಾಕ್ಷರತಾ ದಿನ, ನವೆಂಬರ್‌ನಲ್ಲಿ ರಾಜ್ಯೋತ್ಸವ, ಯಾವ ವೇದಿಕೆಯಾದರೂ ತಾವಿರುತ್ತೀರಿ. ತಮ್ಮ ಬಾಯಲ್ಲಿ ಒಂದಾದರೂ ಶೇಕಡಾ ಇರುತ್ತದೆ.

ಈ ಸಲದ ತಮ್ಮ ಭಾಷಣ ಅಚ್ಚಾಗಿ ಸ್ಮರಣ ಸಂಚಿಕೆಯಲ್ಲಿ ಬಂದಿದೆ. ಅದರಲ್ಲಿ ಮೂರು ಮಾತುಗಳಿವೆ. ಒಂದು: ‘2011ರ ಜನಗಣತಿಯ ಪ್ರಕಾರ ಕರ್ನಾಟಕದ ಶೇ 64ರಷ್ಟು ಮಹಿಳೆಯರು ಅನಕ್ಷರಸ್ಥರು.’ ಎರಡು: ‘ನಮ್ಮ ಅಧ್ಯಯನದಂತೆ ರಾಜ್ಯದ ಸಾಕ್ಷರತೆ ಶೇ 75.36.’ ಮೂರು: ‘ಹತ್ತು ವರ್ಷಗಳಲ್ಲಿ ರಾಜ್ಯದ ಸಾಕ್ಷರತೆ ಶೇ 66.64ರಿಂದ ಶೇ 66.53ಕ್ಕೆ ಇಳಿದಿದೆ, ಇದು ಜನಗಣತಿಯೇ ಕೊಟ್ಟ ಎಚ್ಚರಿಕೆ.’

ಎರಡನೆಯ ಮಾತಿನ 75.36 ಮತ್ತು ಮೂರನೆಯ ಮಾತಿನ 66.53 ಎರಡೂ ಒಂದೇ ರಾಜ್ಯದ, ಒಂದೇ ವರ್ಷದ ಸಾಕ್ಷರತೆ ಎಂದು ಒಂದೇ ಪುಟದಲ್ಲಿ ಕೂತಿವೆ. ಒಂದಕ್ಕೊಂದು ಜಗಳವಾಡದೆ ಅಷ್ಟು ಅನ್ಯೋನ್ಯವಾಗಿ ಕೂತಿರುವುದನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು.

ಮೊದಲು ತಮ್ಮ ವಿನಯವನ್ನು ಹೊಗಳಬೇಕು. ಜನಗಣತಿಯವರು ಶೇ 64 ಎಂದು ಎಲ್ಲಿಯೂ ಬರೆದಿರುವುದು ನನಗೆ ಕಾಣಲಿಲ್ಲ. ಅವರ ‘ಪ್ರಾಥಮಿಕ ಜನಗಣತಿ ಸಾರ’ ಎಂಬ ಕೋಷ್ಟಕದಲ್ಲಿ ಇರುವುದು ಎಣಿಕೆ: ಇಷ್ಟು ಜನ, ಇಷ್ಟು ಹೆಂಗಸರು, ಇಷ್ಟು ಮಕ್ಕಳು, ಇಷ್ಟು ಸಾಕ್ಷರರು. ಕೂಡಿದ್ದು, ಕಳೆದದ್ದು, ಭಾಗಿಸಿದ್ದು ಎಲ್ಲವೂ ತಾವೇ. ಅಷ್ಟೆಲ್ಲ ಶ್ರಮಪಟ್ಟು ಕೊನೆಗೆ ಫಲವನ್ನು ಕೇಂದ್ರ ಸರ್ಕಾರಕ್ಕೆ ಧಾರೆ ಎರೆದುಬಿಟ್ಟಿರಿ. ಇಂಥ ತ್ಯಾಗ ಈ ಕಾಲದಲ್ಲಿ ಅಪರೂಪ. ತೊಂದರೆ ಒಂದೇ: ಲೆಕ್ಕ ತಪ್ಪಿದರೆ ಆ ಪಾಪವೂ ಅವರ ತಲೆಗೇ ಹೋಗುತ್ತದೆ.

ತಮ್ಮ 64 ಎಲ್ಲಿಂದ ಬಂತು ಎಂದು ಹುಡುಕಲು ಕೂತೆ. ‘ಜನಗಣತಿಯ ಪ್ರಕಾರ’ ಎಂಬ ಎರಡು ಪದ ಬಿಟ್ಟರೆ ತಾವು ಬೇರೆ ಸುಳಿವು ಕೊಟ್ಟಿರಲಿಲ್ಲ. ಕರ್ನಾಟಕದ ಸಾಲು ತೆರೆದರೆ ಅಂಕಣಗಳ ಮೇಲೆ TOT_P, TOT_F, P_06, F_06, P_LIT, F_LIT ಎಂಬ ಹೆಸರುಗಳಿವೆ. P ಅಂದರೆ ಎಲ್ಲ ಜನ, F ಅಂದರೆ ಹೆಂಗಸರು, 06 ಅಂದರೆ ಆರು ವರ್ಷದವರೆಗಿನ ಮಕ್ಕಳು, LIT ಅಂದರೆ ಸಾಕ್ಷರರು. ಒಟ್ಟು ಜನಸಂಖ್ಯೆ 6,10,95,297. ಅದರಲ್ಲಿ ಹೆಂಗಸರು 3,01,28,640. ಸಾಕ್ಷರರು ಒಟ್ಟು 4,06,47,322, ಅವರಲ್ಲಿ ಹೆಂಗಸರು 1,81,38,851.

ತಮ್ಮ ವಾಕ್ಯವನ್ನು ಅಕ್ಷರಶಃ ನಂಬಿ ಮೊದಲ ಪ್ರಯತ್ನ ಮಾಡಿದೆ. ‘ಮಹಿಳೆಯರಲ್ಲಿ ಶೇ 64 ಅನಕ್ಷರಸ್ಥರು’ ಎಂದರೆ ಕೆಳಗೆ ಇರಬೇಕಾದ್ದು ಮಹಿಳೆಯರ ಸಂಖ್ಯೆ. ಅನಕ್ಷರಸ್ಥರಿಗಾಗಿ F_ILL ಎಂಬ ಸಿದ್ಧ ಅಂಕಣವೇ ಇದೆ, ಅದರಲ್ಲಿ 1,19,89,789. ಇದನ್ನು 3,01,28,640ರಿಂದ ಭಾಗಿಸಿದರೆ ಶೇ 39.80. ತಮ್ಮ 64 ಇಲ್ಲ.

ಆಗ F_ILL ಅಂಕಣದ ಗುಣ ನೆನಪಾಯಿತು. ಜನಗಣತಿಯಲ್ಲಿ ಸಾಕ್ಷರ ಎಂದರೆ ಏಳು ವರ್ಷ ತುಂಬಿದ, ಯಾವುದಾದರೂ ಒಂದು ಭಾಷೆಯನ್ನು ಅರ್ಥವಾಗುವಂತೆ ಓದಲೂ ಬರೆಯಲೂ ಬಲ್ಲ ವ್ಯಕ್ತಿ. ಆರು ವರ್ಷದವರೆಗಿನ ಮಕ್ಕಳು, ಬಾಲವಾಡಿಯಲ್ಲಿ ಕೂತು ಅ ಆ ಇ ಈ ಒಪ್ಪಿಸುತ್ತಿದ್ದರೂ, ಸಾಕ್ಷರರ ಲೆಕ್ಕಕ್ಕೆ ಸೇರುವುದಿಲ್ಲ. ಹಾಗಾದರೆ ಅವರು ಎಲ್ಲಿ ಹೋದರು? F_ILL, P_ILL ಅಂಕಣಗಳಿಗೆ. ಆ ಅಂಕಣ ಎಂದರೆ ಒಟ್ಟು ಜನರಲ್ಲಿ ಸಾಕ್ಷರರನ್ನು ಕಳೆದು ಉಳಿದವರು, ಅಷ್ಟೇ. ತೊಟ್ಟಿಲ ಕೂಸೂ ಅಲ್ಲಿ ಅನಕ್ಷರಸ್ಥೆ. ಅಂಕಣದ ಹೆಸರು ನೋಡಿ ಸಂಖ್ಯೆ ಎತ್ತಿಕೊಂಡವರು ಎಡವುವ ಜಾಗ ಇದೇ. ಮಕ್ಕಳನ್ನು ಹೊರಗಿಟ್ಟರೆ ಕರ್ನಾಟಕದಲ್ಲಿ ಏಳು ಮತ್ತು ಅದಕ್ಕೆ ಮೇಲ್ಪಟ್ಟ ಹೆಂಗಸರು 2,66,42,898. ಅವರಲ್ಲಿ ಓದುಬರಹ ಬಾರದವರು 85,04,047. ಅಂದರೆ ಶೇ 31.92. ಇಲ್ಲಿಯೂ ತಮ್ಮ 64 ಇಲ್ಲ. ಸಿಕ್ಕಿದ್ದು ಹೆಚ್ಚುಕಡಿಮೆ ಅದರ ಅರ್ಧ.

ಇನ್ನು ಉಳಿದದ್ದು ಒಂದೇ ದಾರಿ. ಕೆಳಗಿನ ಸಂಖ್ಯೆ ಮಹಿಳೆಯರದಲ್ಲ, ಅನಕ್ಷರಸ್ಥರದು ಇರಬಹುದೇ? ಸಿದ್ಧ ಅಂಕಣವನ್ನೇ ನಂಬಿ F_ILL ಅನ್ನು P_ILLನಿಂದ, ಅಂದರೆ 1,19,89,789 ಅನ್ನು 2,04,47,975ರಿಂದ ಭಾಗಿಸಿದೆ. ಶೇ 58.64. ಹತ್ತಿರ ಬಂತು, ತಲುಪಲಿಲ್ಲ. ಕೊನೆಗೆ ಮೇಲಿನಿಂದಲೂ ಕೆಳಗಿನಿಂದಲೂ ಮಕ್ಕಳನ್ನು ತೆಗೆದೆ:

```
(TOT_F - F_06 - F_LIT) / (TOT_P - P_06 - P_LIT) * 100
```

ಮೇಲೆ 85,04,047. ಕೆಳಗೆ 1,32,86,942. ಉತ್ತರ 64.003. ಸಿಕ್ಕಿತು! ತಮ್ಮ ಲೆಕ್ಕ ಸರಿ ಸ್ವಾಮಿ, ಒಂದು ಕೂದಲೆಳೆಯೂ ತಪ್ಪಿಲ್ಲ. ಮಕ್ಕಳನ್ನು ಎರಡೂ ಕಡೆ ಹೊರಗಿಡುವ ಎಚ್ಚರ ಎಲ್ಲರಿಗೂ ಇರುವುದಿಲ್ಲ, ತಮಗಿತ್ತು. ತಪ್ಪಿದ್ದು ವಾಕ್ಯ ಮಾತ್ರ. ಕರ್ನಾಟಕದಲ್ಲಿ ಓದುಬರಹ ಬಾರದ ನೂರು ಜನರಲ್ಲಿ 64 ಮಂದಿ ಹೆಂಗಸರು ಎಂಬುದು ತಾವು ಕಂಡುಹಿಡಿದ ಸತ್ಯ. ನೂರು ಹೆಂಗಸರಲ್ಲಿ 64 ಮಂದಿಗೆ ಓದುಬರಹ ಬಾರದು ಎಂಬುದು ತಾವು ಬರೆದ ಸುಳ್ಳು. ಮೊದಲನೆಯದರಲ್ಲಿ ಭಾಗಿಸಿದ್ದು ಅನಕ್ಷರಸ್ಥರಿಂದ, ಎರಡನೆಯದರಲ್ಲಿ ಭಾಗಿಸಬೇಕಾದ್ದು ಹೆಂಗಸರಿಂದ. ತಮ್ಮ ಕ್ಯಾಲ್ಕ್ಯುಲೇಟರಿಗೆ ಈ ವ್ಯತ್ಯಾಸ ಗೊತ್ತಿತ್ತು, ಲೇಖನಿಗೆ ಗೊತ್ತಿರಲಿಲ್ಲ.

ಈಗ ಒಂದು ಸಣ್ಣ ಕಲ್ಪನೆ ಮಾಡಿಕೊಳ್ಳಿ. ಆ ವಾಕ್ಯದ ಕೆಳಗೆ ತಾವು ಹೀಗೆ ಒಂದು ಸಾಲು ಬರೆದಿದ್ದಿರಿ ಎನ್ನಿ:

‘ಮೂಲ ಅಂಕಿ: ಭಾರತದ ಜನಗಣತಿ 2011, ಪ್ರಾಥಮಿಕ ಜನಗಣತಿ ಸಾರ, ಕರ್ನಾಟಕ. ಏಳು ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನ ಅನಕ್ಷರಸ್ಥರು 1,32,86,942, ಅವರಲ್ಲಿ ಮಹಿಳೆಯರು 85,04,047. ಈ ಎರಡು ಸಂಖ್ಯೆಗಳೂ ಶೇಕಡಾವಾರೂ ಲೇಖಕರ ಲೆಕ್ಕ.’

ಇಷ್ಟು ಬರೆಯುವಾಗ ‘ಅವರಲ್ಲಿ ಮಹಿಳೆಯರು’ ಎಂಬ ಎರಡು ಪದ ತಮ್ಮ ಕೈಯಿಂದಲೇ ಬರುತ್ತಿತ್ತು. ಬಂದ ಕೂಡಲೇ ಮೇಲಿನ ವಾಕ್ಯ ಉಲ್ಟಾ ಇದೆ ಎಂದು ತಮಗೇ ಹೊಳೆಯುತ್ತಿತ್ತು. ಮೂಲದ ಋಣ ಒಪ್ಪಿಕೊಳ್ಳುವ ಸಾಲು ಬರೀ ಶಿಷ್ಟಾಚಾರ ಎಂದು ತಾವು ತಿಳಿದಿರಬಹುದು. ಅದು ತಾಳೆ ನೋಡುವ ಸಾಧನವೂ ಹೌದು. ಭಾಜ್ಯ ಯಾವುದು, ಭಾಜಕ ಯಾವುದು ಎಂದು ಒಮ್ಮೆ ಕೈಯಾರೆ ಬರೆದವರು ಅವನ್ನು ಅದಲುಬದಲು ಮಾಡುವುದು ಕಷ್ಟ. ಓದುಗರಿಗಂತೂ ನಾನು ಪಟ್ಟ ಪಾಡು ತಪ್ಪುತ್ತಿತ್ತು. 39.80, 31.92, 58.64 ಎಂದು ಮೂರು ಬಾಗಿಲು ತಟ್ಟಿ ನಾಲ್ಕನೆಯದರಲ್ಲಿ ತಮ್ಮನ್ನು ಹಿಡಿಯುವಷ್ಟು ಬಿಡುವು ಎಲ್ಲರಿಗೂ ಇರುವುದಿಲ್ಲ.

ಹಾಗೆ ಬರೆದರೆ ಯಾರ ಪಾಲು ಎಷ್ಟು ಎಂಬುದೂ ಇತ್ಯರ್ಥವಾಗುತ್ತದೆ. ಹಿಟ್ಟು ಜನಗಣತಿಯದು, ರೊಟ್ಟಿ ತಟ್ಟಿದವರು ತಾವು. ಹಿಟ್ಟಿನಲ್ಲಿ ಕಲ್ಲಿದ್ದರೆ ಅವರನ್ನು ಕೇಳಬೇಕು, ರೊಟ್ಟಿ ಸೀದರೆ ತಮ್ಮನ್ನು. ತಾವೋ ಸೀದ ರೊಟ್ಟಿಯ ಮೇಲೆ ಗಿರಣಿಯ ಹೆಸರು ಬರೆದು ಹಂಚಿದಿರಿ.

ಇನ್ನು ಎರಡನೆಯ ಮಾತು. ‘ನಮ್ಮ ಅಧ್ಯಯನದಂತೆ ಶೇ 75.36.’ ಇಲ್ಲಿ ವಿನಯ ಪೂರ್ತಿ ತಿರುಗಿ ನಿಂತಿದೆ. ಈ ಶೇಕಡಾ ತಮ್ಮದಲ್ಲ, ಜನಗಣತಿಯವರೇ ಲೆಕ್ಕ ಹಾಕಿ ಅಚ್ಚು ಹಾಕಿದ್ದು. 4,06,47,322 ಸಾಕ್ಷರರನ್ನು ಏಳು ಮತ್ತು ಮೇಲ್ಪಟ್ಟ 5,39,34,264 ಜನರಿಂದ ಭಾಗಿಸಿ ತಾವೂ ಅದನ್ನೇ ಪಡೆಯಬಹುದು, ಪಡೆದು ನೋಡುವುದು ಒಳ್ಳೆಯ ಅಭ್ಯಾಸವೂ ಹೌದು. ಅಷ್ಟರಿಂದ ಅದು ‘ನಮ್ಮ ಅಧ್ಯಯನ’ ಆಗುವುದಿಲ್ಲ, ಅವರ ಉತ್ತರವನ್ನು ತಾವು ಪರೀಕ್ಷಿಸಿದಂತೆ ಆಗುತ್ತದೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಎಂದು ನಮ್ಮ ಕಡೆ ಒಂದು ಮಾತಿದೆ, ತಾವು ಕೇಳಿರಬಹುದು. ಮೂಲದಲ್ಲೇ ಅಚ್ಚಾಗಿರುವ ಶೇಕಡಾಕ್ಕೆ ಮೂಲದ ಹೆಸರು, ಮೂಲದಲ್ಲಿ ಇಲ್ಲದೆ ತಾವು ಹುಟ್ಟಿಸಿದ ಶೇಕಡಾದಲ್ಲಿ ಅಂಕಿಗೆ ಮೂಲದ ಹೆಸರು, ಲೆಕ್ಕಕ್ಕೆ ತಮ್ಮ ಹೆಸರು. ನಿಯಮ ಇಷ್ಟೇ. ತಾವು ಎರಡನ್ನೂ ಪಾಲಿಸಿದ್ದೀರಿ, ಜಾಗ ಮಾತ್ರ ಬದಲಾಗಿದೆ.

ಇದೇ ಅಂಕಿಯ ಬಗ್ಗೆ ಇನ್ನೊಂದು ಮಾತು. 2011ರಲ್ಲಿ ಮೊದಲು ಹೊರಬಂದದ್ದು ತಾತ್ಕಾಲಿಕ ಅಂಕಿಸಂಖ್ಯೆ. ಅದರ ಪ್ರಕಾರ ರಾಜ್ಯದ ಸಾಕ್ಷರತೆ ಶೇ 75.60 ಇತ್ತು. ಅಂತಿಮ ಅಂಕಿ ಬಂದಾಗ 75.36 ಆಯಿತು. ಇಂದಿಗೂ ಎರಡೂ ಪುಸ್ತಕಗಳಲ್ಲಿ ಓಡಾಡಿಕೊಂಡಿವೆ. ಭಾಜ್ಯವನ್ನು ತಾತ್ಕಾಲಿಕ ಪಟ್ಟಿಯಿಂದಲೂ ಭಾಜಕವನ್ನು ಅಂತಿಮ ಪಟ್ಟಿಯಿಂದಲೂ ತೆಗೆದರೆ ಬರುವ ಉತ್ತರ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ‘ಜನಗಣತಿ 2011’ ಎಂದಷ್ಟೇ ಬರೆಯದೆ ಯಾವ ಪಟ್ಟಿ, ತಾತ್ಕಾಲಿಕವೋ ಅಂತಿಮವೋ ಎಂದು ಬರೆಯಿರಿ ಎಂದು ಬೇಡುವುದು ಇದಕ್ಕೇ.

ಮೂರನೆಯ ಮಾತಿಗೆ ಬರೋಣ. ಅಲ್ಲಿ ತಮ್ಮ ಪ್ರತಿಭೆ ಕಳಸವಿಟ್ಟಿದೆ. ಹತ್ತು ವರ್ಷಗಳಲ್ಲಿ ಸಾಕ್ಷರತೆ ಇಳಿದಿದೆ! ಶಾಲೆಗಳು ತೆರೆದವು, ಬಿಸಿಯೂಟ ಬಂತು, ಹೆಣ್ಣುಮಕ್ಕಳಿಗೆ ಸೈಕಲ್ ಕೊಟ್ಟರು, ಆದರೂ ಇಳಿಯಿತು. ಎತ್ತು ಈಯಿತು ಎಂದರೆ ಕರು ಕಟ್ಟು ಎಂಬ ನಮ್ಮ ಸಭೆ ಇದಕ್ಕೂ ಚಪ್ಪಾಳೆ ತಟ್ಟಿರಬೇಕು.

66.64 ಎಂಬುದು 2001ರ ಸಾಕ್ಷರತೆ, ಜನಗಣತಿಯವರು ಅಚ್ಚು ಹಾಕಿದ್ದು, ಏಳು ಮತ್ತು ಮೇಲ್ಪಟ್ಟವರ ಮೇಲೆ ಲೆಕ್ಕ ಹಾಕಿದ್ದು. 66.53 ಎಂಬುದು ತಾವು 2011ರ ಸಾಕ್ಷರರನ್ನು ಮಕ್ಕಳೂ ಸೇರಿದ ಒಟ್ಟು ಜನಸಂಖ್ಯೆಯಿಂದ ಭಾಗಿಸಿ ಪಡೆದದ್ದು. ಒಂದರಲ್ಲಿ ಕೂಸುಗಳು ಹೊರಗೆ, ಇನ್ನೊಂದರಲ್ಲಿ ಒಳಗೆ. 2011ರಲ್ಲಿ ಆರು ವರ್ಷದವರೆಗಿನ ಮಕ್ಕಳು 71,61,033. ಅಷ್ಟು ಮಕ್ಕಳನ್ನು ಒಂದು ಕಡೆಯ ತಕ್ಕಡಿಗೆ ಮಾತ್ರ ಹಾಕಿದರೆ ಇಳಿಯದೆ ಏನಾದೀತು? 64ರ ಲೆಕ್ಕದಲ್ಲಿ ಮಕ್ಕಳನ್ನು ಅಷ್ಟು ಜೋಪಾನವಾಗಿ ಹೊರಗಿಟ್ಟ ತಾವೇ ಇಲ್ಲಿ ಅವರನ್ನು ಒಳಗೆ ಕರೆದುಕೊಂಡದ್ದು ವಾತ್ಸಲ್ಯದಿಂದಲೇ ಇರಬೇಕು.

ಒಟ್ಟು ಜನಸಂಖ್ಯೆಯ ಮೇಲೆ ಲೆಕ್ಕ ಹಾಕುವುದು ಮಹಾಪರಾಧವಲ್ಲ. ಅದಕ್ಕೆ ಕಚ್ಚಾ ಸಾಕ್ಷರತಾ ದರ ಎಂಬ ಹೆಸರೂ ಇದೆ. ಆದರೆ ಹಾಗೆ ಹಾಕುವುದಾದರೆ ಎರಡೂ ವರ್ಷಕ್ಕೆ ಹಾಕಬೇಕು. 2001ರಲ್ಲಿ ರಾಜ್ಯದ ಜನಸಂಖ್ಯೆ 5,28,50,562, ಸಾಕ್ಷರರು 3,04,34,962. ಭಾಗಿಸಿದರೆ ಶೇ 57.59. ಈಗ ಹೋಲಿಸಿ: ಕಚ್ಚಾ ದರ 57.59ರಿಂದ 66.53ಕ್ಕೆ ಏರಿತು. ಏಳು ಮೇಲ್ಪಟ್ಟವರ ದರ 66.64ರಿಂದ 75.36ಕ್ಕೆ ಏರಿತು. ಯಾವ ಅಳತೆಯಲ್ಲಿ ಅಳೆದರೂ ಏರಿಕೆಯೇ. ಇಳಿಕೆ ಕಂಡದ್ದು ವರ್ಷಕ್ಕೊಂದು ಅಳತೆ ಇಟ್ಟ ತಮ್ಮ ಭಾಷಣದಲ್ಲಿ ಮಾತ್ರ.

ಈ ಎಡವಟ್ಟಿಗೂ ಮೂಲ ಅದೇ. 66.64ಕ್ಕೂ 66.53ಕ್ಕೂ ‘ಜನಗಣತಿ’ ಎಂಬ ಒಂದೇ ಹಣೆಪಟ್ಟಿ ಹಚ್ಚಿದ್ದರಿಂದ ಎರಡೂ ಒಂದೇ ಜಾತಿಯವು ಎಂದು ತಮಗೂ ಅನಿಸಿತು, ಓದುಗರಿಗೂ ಅನಿಸಿತು. ಮೊದಲನೆಯದರ ಪಕ್ಕ ‘ಜನಗಣತಿ ಪ್ರಕಟಿಸಿದ ದರ’ ಎಂದೂ ಎರಡನೆಯದರ ಪಕ್ಕ ‘ಜನಗಣತಿಯ ಅಂಕಿಯಿಂದ ನಾನು ಹಾಕಿದ ಲೆಕ್ಕ’ ಎಂದೂ ಬರೆದಿದ್ದರೆ, ಬರೆದ ಕ್ಷಣದಲ್ಲೇ ‘ಅವರು ಹಾಕಿದಂತೆಯೇ ನಾನೂ ಹಾಕಿದ್ದೇನೆಯೇ?’ ಎಂಬ ಅನುಮಾನ ಹುಟ್ಟುತ್ತಿತ್ತು. ಆ ಅನುಮಾನ ಬಾರದಂತೆ ತಡೆಯುವ ಶಕ್ತಿ ‘ಪ್ರಕಾರ’ ಎಂಬ ಪದಕ್ಕಿದೆ.

ಏರಿಕೆಯನ್ನು ತಾವು ಮುಂದೆ ಬರೆಯುವುದಾದರೆ ಒಂದು ವಿನಂತಿ. 66.64ರಿಂದ 75.36ಕ್ಕೆ ಹೋದದ್ದನ್ನು ‘ಶೇ 8.72ರಷ್ಟು ಏರಿಕೆ’ ಎಂದು ಬರೆಯಬೇಡಿ. ಅದು 8.72 ಶೇಕಡಾ ಅಂಶಗಳ ಏರಿಕೆ. ಹಳೆಯ ದರಕ್ಕೆ ಹೋಲಿಸಿ ಶೇಕಡಾ ತೆಗೆದರೆ ಅದು ಸುಮಾರು ಶೇ 13. ಎರಡೂ ಸರಿಯಾದ ಲೆಕ್ಕಗಳೇ, ಎರಡೂ ತಮ್ಮವೇ, ಆದರೆ ಯಾವುದನ್ನು ಹೇಳುತ್ತಿದ್ದೇವೆ ಎಂದು ಹೇಳದಿದ್ದರೆ ಕೇಳುವವರು ತಮಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತಾರೆ. ಆಡಳಿತ ಪಕ್ಷದವರು 13 ಎನ್ನುತ್ತಾರೆ, ವಿರೋಧ ಪಕ್ಷದವರು 8.72 ಎನ್ನುತ್ತಾರೆ, ಇಬ್ಬರೂ ತಮ್ಮ ಲೇಖನವನ್ನೇ ತೋರಿಸುತ್ತಾರೆ.

ಗಂಡಸರದು, ಹೆಂಗಸರದು ಕೂಡಿಸಿ ಎರಡರಿಂದ ಭಾಗಿಸುವ ಆಸೆಯನ್ನೂ ತಡೆದುಕೊಳ್ಳಿ. 2011ರಲ್ಲಿ ಗಂಡಸರ ಸಾಕ್ಷರತೆ ಶೇ 82.47, ಹೆಂಗಸರದು ಶೇ 68.08. ಎರಡರ ನಡುಮಧ್ಯ 75.28ರ ಹತ್ತಿರ ಬರುತ್ತದೆ, ಆದರೆ ಪ್ರಕಟವಾದ ದರ 75.36. ಗಂಡಸರ ಸಂಖ್ಯೆ ತುಸು ಹೆಚ್ಚಿರುವುದರಿಂದ ಅವರ ಕಡೆ ಸ್ವಲ್ಪ ವಾಲಿದೆ. ಇಲ್ಲಿ ವ್ಯತ್ಯಾಸ ಚಿಕ್ಕದು, ಹಾಗಾಗಿ ಯಾರೂ ಹಿಡಿಯುವುದಿಲ್ಲ. ದೊಡ್ಡ ಜಿಲ್ಲೆ, ಚಿಕ್ಕ ಜಿಲ್ಲೆಗಳ ಶೇಕಡಾಗಳನ್ನು ಹೀಗೆ ಸರಾಸರಿ ಮಾಡಿದರೆ ವ್ಯತ್ಯಾಸ ಎಷ್ಟು ಬೇಕಾದರೂ ಆಗಬಹುದು. ಶೇಕಡಾಗಳನ್ನು ಕೂಡಿಸುವುದಲ್ಲ, ತಲೆಗಳನ್ನು ಕೂಡಿಸಿ ಆಮೇಲೆ ಭಾಗಿಸುವುದು.

ದಶಾಂಶದ ವಿಷಯದಲ್ಲಿ ತಮ್ಮ ಸಂಯಮ ಮಾತ್ರ ನಿಜಕ್ಕೂ ಮೆಚ್ಚತಕ್ಕದ್ದು. ಉತ್ತರ 64.003 ಬಂದಿದ್ದರೂ 64 ಎಂದು ನಿಲ್ಲಿಸಿದಿರಿ. ಗಣತಿದಾರರು ಮನೆ ಬಾಗಿಲಲ್ಲಿ ನಿಂತು ಎಲ್ಲರಿಗೂ ಓದುವ ಪರೀಕ್ಷೆ ಇಟ್ಟಿರಲಿಲ್ಲ, ಬಹುಮಟ್ಟಿಗೆ ಮನೆಯವರು ‘ಬರುತ್ತೆ’ ಎಂದರೆ ಬರುತ್ತದೆ ಎಂದು ಗುರುತು ಹಾಕಿದರು. ಅಂಥ ಅಂಕಿಯಿಂದ ಮೂರನೆಯ ದಶಾಂಶ ತೆಗೆಯುವುದು ಬರೀ ಠೀವಿ. ಆದರೆ ಸಂಯಮ ಕೊನೆಯ ಉತ್ತರಕ್ಕಷ್ಟೇ ಇರಲಿ. ಮೊದಲೇ ಸಂಖ್ಯೆಗಳನ್ನು ‘85 ಲಕ್ಷ’, ‘1 ಕೋಟಿ 33 ಲಕ್ಷ’ ಎಂದು ದುಂಡು ಮಾಡಿಕೊಂಡು ಭಾಗಿಸಿದರೆ 63.9 ಬರುತ್ತದೆ, ಮತ್ತೊಬ್ಬರು ತಾಳೆ ನೋಡಿದಾಗ ಹೊಂದುವುದಿಲ್ಲ. ದುಂಡು ಮಾಡುವುದು ಕಟ್ಟಕಡೆಗೆ.

ಹಾಗಾದರೆ ಇಷ್ಟೆಲ್ಲ ಕಿರಿಕಿರಿ ಯಾಕೆ, ಶೇಕಡಾ ಹೇಳುವುದನ್ನೇ ಬಿಟ್ಟುಬಿಡುತ್ತೇನೆ ಎಂದು ತಾವು ಮುನಿಸಿಕೊಳ್ಳಬಾರದು. ತಮ್ಮ 64 ಒಳ್ಳೆಯ ಸಂಖ್ಯೆ. ಸಾಕ್ಷರತೆ ಏರಿತು ಎಂದು ಎಲ್ಲರೂ ಬೀಗುವಾಗ, ಉಳಿದುಕೊಂಡವರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಹೆಂಗಸರೇ ಎಂದು ಅದು ಹೇಳುತ್ತದೆ. ಆ ಕೋಷ್ಟಕದ ಯಾವ ಅಂಕಣದಲ್ಲೂ ಈ ಮಾತು ಬರೆದಿಲ್ಲ. ಅಂಕಣಗಳ ನಡುವೆ ಇದ್ದುದನ್ನು ತಾವು ಕಳೆದು, ಭಾಗಿಸಿ ಹೊರತೆಗೆದಿರಿ. ‘ಇದು ನನ್ನ ಲೆಕ್ಕ’ ಎಂದು ಎದೆ ತಟ್ಟಿ ಹೇಳಿಕೊಳ್ಳುವ ಹಕ್ಕು ತಮಗಿತ್ತು. ಆ ಹಕ್ಕು ಬಿಟ್ಟುಕೊಟ್ಟು ಅವರ 75.36ಕ್ಕೆ ಕೈಹಾಕಿದ್ದೇ ನನಗೆ ಬಗೆಹರಿಯದ ಸೋಜಿಗ.

ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಎಂದು ಆಧಾರ ದಿನಾಂಕ ಗೊತ್ತುಮಾಡಿದ್ದಾರೆ. ಹೊಸ ಅಂಕಿ ಬಂದಾಗ ಯಾರೋ ಒಬ್ಬ ವಿದ್ಯಾರ್ಥಿನಿ ತಮ್ಮ ಸ್ಮರಣ ಸಂಚಿಕೆ ತೆರೆದು, ಅನಕ್ಷರಸ್ಥರಲ್ಲಿ ಹೆಂಗಸರ ಪಾಲು 64ರಿಂದ ಎಷ್ಟಕ್ಕೆ ಬಂತು ಎಂದು ನೋಡಬಯಸುತ್ತಾಳೆ. ಆಕೆಗೆ ಬೇಕಾದ್ದು ತಮ್ಮ ಶೇಕಡಾ ಒಂದೇ ಅಲ್ಲ, ಅದರ ಮೇಲಿನ ಸಂಖ್ಯೆ, ಕೆಳಗಿನ ಸಂಖ್ಯೆ, ವಯಸ್ಸಿನ ಗೆರೆ ಮತ್ತು ಪಟ್ಟಿಯ ಹೆಸರು. ಅವು ಇಲ್ಲದಿದ್ದರೆ ಆಕೆ ಸಿದ್ಧ ಅಂಕಣವನ್ನೇ ಹಿಡಿದು ಭಾಗಿಸಿ, ಆ ಉತ್ತರವನ್ನು ತಮ್ಮ 64ರ ಪಕ್ಕ ಇಟ್ಟು, ಹೆಂಗಸರ ಪಾಲು ಒಮ್ಮೆಲೇ ಕುಸಿಯಿತು ಎಂದು ಸಂತೋಷಪಡುತ್ತಾಳೆ. ಮುಂದಿನ ಮಹಿಳಾ ದಿನಕ್ಕೆ ಆ ಸಂತೋಷವನ್ನು ತಾವೇ ‘ಜನಗಣತಿಯ ಪ್ರಕಾರ’ ಎಂದು ವೇದಿಕೆಯಿಂದ ಸಾರುತ್ತೀರಿ. ಸಂಚಿಕೆ ಮರುಮುದ್ರಣಕ್ಕೆ ಹೋಗುವ ಮೊದಲು ಮೇಲೆ ಬರೆದುಕೊಟ್ಟ ಆ ಸಾಲನ್ನು ಸೇರಿಸಿಬಿಡಿ. ನನ್ನ ಹೆಸರು ಹಾಕುವ ಅಗತ್ಯವಿಲ್ಲ, ಲೆಕ್ಕ ತಮ್ಮದೇ.

ಇತಿ,
ತಮ್ಮ ಭಾಷಣಗಳನ್ನು ಕ್ಯಾಲ್ಕ್ಯುಲೇಟರ್ ಇಟ್ಟುಕೊಂಡು ಓದುವ ಅಭಿಮಾನಿ